ಎಐ ಚಾಟ್ ಆ್ಯಪ್ ಒಂದೇ ಮಾತುಕತೆಯಲ್ಲಿ ಮೊದಲು ಹೇಳಿದ್ದನ್ನು ಮರೆಯುತ್ತದೆ, ಯಾಕೆ? (ಅಜ್ಜಿಯ ಅಡುಗೆ ಪುಸ್ತಕದ ಕೆಲಸ)

ಪುತ್ತೂರಿನವಳು

ಎಲ್ಲರಿಗೂ ನಮಸ್ಕಾರ. ಅಜ್ಜಿ ಬರೆದಿಟ್ಟ ಎರಡು ನೋಟ್ ಪುಸ್ತಕ ನನ್ನ ಹತ್ತಿರ ಇವೆ. ಪತ್ರೊಡೆ, ಮೇಲಾರ, ತಂಬುಳಿ, ಹಲಸಿನ ಹಣ್ಣಿನ ಕೊಟ್ಟಿಗೆ, ಹೀಗೆ ಎಪ್ಪತ್ತಕ್ಕೂ ಜಾಸ್ತಿ ಅಡುಗೆ. ಅಜ್ಜಿ ಅಲ್ಪವಿರಾಮ, ಪೂರ್ಣವಿರಾಮ ಹಾಕುತ್ತಿರಲಿಲ್ಲ. ಒಂದೇ ಉಸಿರಿನಲ್ಲಿ ಬರೆದ ಹಾಗಿದೆ. ಮನೆಯ ಮಕ್ಕಳಿಗೆ ಓದಲು ಆಗಲಿ ಎಂದು ನಾನು ಒಂದೊಂದನ್ನೇ ಟೈಪ್ ಮಾಡಿ, ಒಂದು ಎಐ ಚಾಟ್ ಆ್ಯಪ್‌ಗೆ ಕೊಟ್ಟು, ಹಂತ ಹಂತವಾಗಿ ಬಿಡಿಸಿ ಬರೆಸುತ್ತಿದ್ದೇನೆ.

ಶುರುವಿನಲ್ಲೇ ನಿಯಮ ಹೇಳಿದ್ದೆ. ಅಳತೆ ಕುಡ್ತೆ ಎಂದಿದ್ದರೆ ಕುಡ್ತೆ ಎಂದೇ ಇರಲಿ, ನಮ್ಮ ಮನೆಯ ಕುಡ್ತೆಗೆ 190 ಗ್ರಾಂ ಅಕ್ಕಿ ಹಿಡಿಯುತ್ತದೆ, ಗ್ರಾಂ ಬರೆಯಲೇಬೇಕಾದರೆ ಇದೇ ಲೆಕ್ಕ. ಬೆಳ್ತಿಗೆ ಅಕ್ಕಿಯನ್ನು ಬೆಳ್ತಿಗೆ ಎಂದೇ ಬರೆ. ಬೆಲ್ಲ ಇದ್ದಲ್ಲಿ ಸಕ್ಕರೆ ಮಾಡಬೇಡ. ಅಜ್ಜಿ ಹೇಳದ ಸಾಮಾನು ಸೇರಿಸಬೇಡ.

ಹತ್ತು ಹನ್ನೆರಡು ಅಡುಗೆ ಚೆನ್ನಾಗಿ ಬಂತು. ಆಮೇಲೆ ಒಂದರಲ್ಲಿ "2 ಕಪ್ ಅಕ್ಕಿ" ಎಂದು ಬಂತು. ನಾನು ಗಮನಿಸಲಿಲ್ಲ. ಮುಂದಿನದರಲ್ಲೂ ಕಪ್. ಆಮೇಲೆ ಬೆಳ್ತಿಗೆ ಹೋಗಿ "ಸೋನಾ ಮಸೂರಿ" ಆಯಿತು. ಆಗ ಕೇಳಿದೆ, ಕುಡ್ತೆಯ ಬಗ್ಗೆ ನಾನು ಮೊದಲು ಏನು ಹೇಳಿದ್ದೆ ಎಂದು. ಅದು ಸ್ವಲ್ಪವೂ ಅನುಮಾನ ಇಲ್ಲದೆ, "ಒಂದು ಕುಡ್ತೆ ಎಂದರೆ 250 ಮಿಲಿ ಎಂದು ನೀವು ತಿಳಿಸಿದ್ದೀರಿ" ಎಂದಿತು. ನಾನು ಹಾಗೆ ಹೇಳಿಯೇ ಇಲ್ಲ. ಮೇಲೆ ಹೋಗಿ ನೋಡಿದರೆ ನನ್ನ ಸಂದೇಶ ಹಾಗೇ ಇದೆ, 190 ಗ್ರಾಂ ಎಂದು ಸ್ಪಷ್ಟವಾಗಿ. ನನ್ನ ಕಣ್ಣಿಗೆ ಕಾಣುತ್ತಿರುವುದು ಅದಕ್ಕೆ ಯಾಕೆ ಕಾಣುವುದಿಲ್ಲ?

ಮಧ್ಯಾಹ್ನದ_ಬಿಸಿಲು

ಅಕ್ಕ, ಫೋನಿನಲ್ಲಿ ಜಾಗ ತುಂಬಿರಬಹುದು. ನನ್ನದೂ ಹಾಗೇ ಆಗಿತ್ತು, ಫೋಟೋ ಎಲ್ಲ ಅಳಿಸಿದ ಮೇಲೆ ಆ್ಯಪ್ ಸರಿ ಹೋಯಿತು. ಸೆಟ್ಟಿಂಗ್ಸ್‌ನಲ್ಲಿ ಮೆಮೊರಿ ಅಂತ ಒಂದು ಇರುತ್ತದೆ, ಅದನ್ನೂ ಆನ್ ಮಾಡಿ ನೋಡಿ.

ಪುತ್ತೂರಿನವಳು

ಫೋನ್ ಅಲ್ಲ, ಕಂಪ್ಯೂಟರಿನಲ್ಲಿ ಮಾಡುತ್ತಿದ್ದೇನೆ. ಜಾಗ ಬೇಕಾದಷ್ಟಿದೆ. ಆ ಮೆಮೊರಿ ಆನ್ ಇದೆ. ಅದರಲ್ಲಿ ನನ್ನ ಊರು, ನಾನು ಸಸ್ಯಾಹಾರಿ ಎನ್ನುವುದು ಮಾತ್ರ ಇದೆ. ಕುಡ್ತೆ ಇಲ್ಲ.

ಸಾಲುಮರ

ಫೋನಿನ ಜಾಗಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ ಮೆಮೊರಿ ಸೌಲಭ್ಯವೂ ಬೇರೆಯೇ. ಅದು ಒಂದು ಮಾತುಕತೆಯಿಂದ ಇನ್ನೊಂದಕ್ಕೆ ನಾಲ್ಕು ವಿಷಯ ದಾಟಿಸುವ ಸಣ್ಣ ಚೀಟಿ. ನಿಮಗೆ ಆಗಿರುವುದು ಒಂದೇ ಮಾತುಕತೆಯ ಒಳಗಿನ ಸಮಸ್ಯೆ.

ನನ್ನ ದಿನದ ಕೆಲಸ ಇಂಥ ಆ್ಯಪ್‌ಗಳ ಒಳಗೆ ಉತ್ತರ ಬರೆಯುವ ಮಾಡೆಲ್‌ಗಳ ಜೊತೆಗೇ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪರದೆಯ ಮೇಲೆ ಕಾಣುವುದು ಎಲ್ಲರನ್ನೂ ದಾರಿ ತಪ್ಪಿಸುತ್ತದೆ.

ಆ ಮಾಡೆಲ್ ನಿಮ್ಮ ಜೊತೆ ಕೂತು ಮಾತು ಕೇಳಿಸಿಕೊಳ್ಳುತ್ತಾ ಇರುವುದಿಲ್ಲ. ನೀವು ಪ್ರತಿ ಸಲ ಕಳಿಸಿದಾಗಲೂ ಆ್ಯಪ್ ಮೊದಲಿಂದ ಇಲ್ಲಿಯವರೆಗಿನ ಮಾತುಕತೆಯನ್ನು ಒಂದೇ ಉದ್ದದ ಬರಹವಾಗಿ ಜೋಡಿಸಿ ಮಾಡೆಲ್‌ನ ಮುಂದೆ ಇಡುತ್ತದೆ. ಮಾಡೆಲ್ ಅದನ್ನು ಹೊಸದಾಗಿ ಓದಿ, ಮುಂದಿನ ಉತ್ತರ ಬರೆದು, ಮುಗಿಸುತ್ತದೆ. ಹದಿಮೂರನೆಯ ಅಡುಗೆ ಕೊಟ್ಟಾಗ, ಹನ್ನೆರಡನೆಯದನ್ನು ತಾನೇ ಬರೆದದ್ದು ಎಂಬ ನೆನಪು ಅದಕ್ಕಿಲ್ಲ. ಎದುರಿಗಿಟ್ಟ ಬರಹದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆ ಬರಹ ಎಷ್ಟು ಉದ್ದ ಇರಬಹುದು ಎನ್ನುವುದಕ್ಕೆ ಮಿತಿ ಇದೆ. ಅದನ್ನೇ ಕಾಂಟೆಕ್ಸ್ಟ್ ವಿಂಡೋ ಎನ್ನುತ್ತಾರೆ. ಮಾತುಕತೆ ಅದಕ್ಕಿಂತ ಉದ್ದ ಆದಾಗ ಆ್ಯಪ್ ಏನಾದರೂ ಬಿಡಲೇಬೇಕು. ಸಾಮಾನ್ಯವಾಗಿ ಬಿಡುವುದು ಎಲ್ಲಕ್ಕಿಂತ ಹಳೆಯದನ್ನು. ನಿಮ್ಮ ಮಾತುಕತೆಯಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು? ಆ ನಿಯಮಗಳೇ.

ನಿಮ್ಮ ಪರದೆಯಲ್ಲಿ ಪೂರ್ತಿ ಮಾತುಕತೆ ಕಾಣುತ್ತದೆ, ಅದು ಆ್ಯಪ್ ಉಳಿಸಿಟ್ಟ ದಾಖಲೆ. ಮಾಡೆಲ್‌ಗೆ ಹೋಗುವುದು ಅದರ ಕೊನೆಯ ಒಂದು ತುಂಡು ಮಾತ್ರ. ಎಲ್ಲಿ ಕತ್ತರಿಸಿತು ಎಂದು ಎಷ್ಟೋ ಆ್ಯಪ್‌ಗಳು ಗೆರೆ ಎಳೆದು ತೋರಿಸುವುದಿಲ್ಲ.

ಹಳೆಕಡತ

ನಾನು ಮೂವತ್ತು ವರ್ಷ ಕಡತ ವಿಭಾಗದಲ್ಲಿದ್ದವನು. ಕೇಳಿದಾಗ ನನಗೆ ಅನಿಸಿದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಕಡತ ದಪ್ಪ ಆದಾಗ ಹಳೆಯ ಹಾಳೆಗಳನ್ನು ಬಿಚ್ಚಿ ಬೇರೆ ಕಟ್ಟು ಮಾಡುತ್ತಿದ್ದೆವು. ಹೊಸ ಸಾಹೇಬರು ಬಂದಾಗ ಅವರ ಮೇಜಿಗೆ ಹೋಗುವುದು ಮೇಲಿನ ಕಟ್ಟು ಮಾತ್ರ. ಅವರು ಅದರಲ್ಲಿ ಇದ್ದಷ್ಟೇ ಓದಿ ಆದೇಶ ಬರೆಯುತ್ತಿದ್ದರು. ಆದರೆ ಒಂದು ವ್ಯತ್ಯಾಸ ಇತ್ತು. ನಾವು "ಹಿಂದಿನ ಕಟ್ಟು ನೋಡಿ" ಎಂದು ಒಂದು ಚೀಟಿ ಹಾಕುತ್ತಿದ್ದೆವು. ಇಲ್ಲಿ ಆ ಚೀಟಿಯೇ ಇಲ್ಲ ಅಂತ ಕಾಣುತ್ತದೆ, ಅಲ್ವಾ?

ಸಾಲುಮರ

ಮೇಷ್ಟ್ರಿಗಿಂತ ಚೆನ್ನಾಗಿ ಹೇಳಿದಿರಿ ಸರ್. ಚೀಟಿ ಇಲ್ಲ. ಅದಕ್ಕೇ ಕುಡ್ತೆಯ ಪ್ರಶ್ನೆಗೆ ಸುಳ್ಳು ಉತ್ತರ ಬಂದದ್ದು. "ನಾನು ಮೊದಲು ಏನು ಹೇಳಿದ್ದೆ" ಎಂದು ಕೇಳಿದರೆ, ಮುಂಚೆ ಏನೋ ಹೇಳಿದ್ದರು ಎಂದು ಆ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ಹೇಳಿದ್ದೇನು ಎನ್ನುವುದು ಎದುರಿನ ಬರಹದಲ್ಲಿ ಇಲ್ಲ. ಆಗ ಇಂಥ ಕಡೆ ಸಾಮಾನ್ಯವಾಗಿ ಬರುವಂಥ ಒಂದು ಉತ್ತರ ಬರೆಯುತ್ತದೆ. ಕುಡ್ತೆ ಒಂದು ಅಳತೆ, ಅಡುಗೆಯ ಅಳತೆ ಎಂದರೆ 250 ಮಿಲಿ ಕಪ್. "ನನ್ನ ಮುಂದೆ ಅದು ಇಲ್ಲ" ಎಂದು ಕೆಲವು ಸಲ ಹೇಳುತ್ತದೆ, ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಮನುಷ್ಯರು ಮರೆತಾಗ ಮಸುಕಾಗಿ ಏನೋ ಉಳಿದಿರುತ್ತದೆ. ನೂರಾ ತೊಂಬತ್ತೋ ಇನ್ನೂರೋ ಎಂದು ತಡವರಿಸುತ್ತೇವೆ. ಇಲ್ಲಿ ಆ ಮಸುಕೂ ಇಲ್ಲ. ಹೊರಗೆ ಹೋದದ್ದು ಪೂರ್ತಿ ಹೋಯಿತು.

ವೇಗದೂತ

ಇದು ಹಳೆಯ ಕಾಲದ ಸಮಸ್ಯೆ. 2023ರ ಮೊದಲು ಚಿಕ್ಕ ವಿಂಡೋ ಇತ್ತು, 4,000 ಟೋಕನ್. ಈಗ 1,28,000 ಇರುವುದು ಸಾಮಾನ್ಯ, 2024ರಲ್ಲಿ ಜೆಮಿನಿ 1.5 ಹತ್ತು ಲಕ್ಷಕ್ಕೆ ಹೋಯಿತು. ಒಂದು ಟೋಕನ್ ಎಂದರೆ ಮುಕ್ಕಾಲು ಪದ. 1,28,000 ಎಂದರೆ ಸುಮಾರು ತೊಂಬತ್ತಾರು ಸಾವಿರ ಪದ. ಹದಿಮೂರು ಅಡುಗೆ ಯಾವ ಲೆಕ್ಕ? ದೊಡ್ಡ ವಿಂಡೋ ಇರುವ ಮಾಡೆಲ್ ತಗೊಳ್ಳಿ, ಮುಗಿಯಿತು.

ಸಾಲುಮರ

ಅರ್ಧ ಸರಿ. ವಿಂಡೋಗಳು ಬೆಳೆದಿರುವುದು ನಿಜ. ಆದರೆ ಮುಕ್ಕಾಲು ಪದದ ಲೆಕ್ಕ ಇಂಗ್ಲಿಷಿನದು. ಅದನ್ನು ಕನ್ನಡಕ್ಕೆ ಹಾಕಿದರೆ ತುಂಬಾ ಮೋಸ ಹೋಗುತ್ತೀರಿ.

ಮಾಡೆಲ್ ಅಕ್ಷರವನ್ನೂ ಓದುವುದಿಲ್ಲ, ಪದವನ್ನೂ ಓದುವುದಿಲ್ಲ. ಬರಹವನ್ನು ಮೊದಲು ತುಂಡು ಮಾಡಿ ಕೊಡುತ್ತಾರೆ, ಆ ತುಂಡೇ ಟೋಕನ್. ಯಾವ ತುಂಡುಗಳು ಇರಬೇಕು ಎಂದು ತೀರ್ಮಾನ ಆಗುವುದು ತುಂಡು ಮಾಡುವ ಪಟ್ಟಿಯನ್ನು ಕಟ್ಟುವಾಗ ಸಿಕ್ಕ ಬರಹದಿಂದ. ಅದರಲ್ಲಿ ಇಂಗ್ಲಿಷ್ ಜಾಸ್ತಿ. ಹಾಗಾಗಿ ಇಂಗ್ಲಿಷಿನ ಎಷ್ಟೋ ಪದಗಳು ಇಡಿಯಾಗಿ ಒಂದೊಂದು ಟೋಕನ್. ಕನ್ನಡಕ್ಕೆ ಬಂದಾಗ ಪಟ್ಟಿಯಲ್ಲಿ ಇಡೀ ಪದ ಸಿಗುವುದು ಅಪರೂಪ, ಪುಡಿ ಪುಡಿಯಾಗುತ್ತದೆ.

"ಬೆಂಗಳೂರು" ಎಂಬ ಪದ ನೋಡಿ. ಕಂಪ್ಯೂಟರಿನ ಲೆಕ್ಕದಲ್ಲಿ ಬ, ಎತ್ವ, ಸೊನ್ನೆ, ಗ, ಳ, ಊಕಾರದ ಗುರುತು, ರ, ಉಕಾರದ ಗುರುತು, ಒಟ್ಟು ಎಂಟು ಸಂಕೇತ. ಒಂದೊಂದಕ್ಕೆ ಮೂರು ಬೈಟ್, ಒಟ್ಟು 24. ಅದೇ ಊರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 9 ಬೈಟ್. ಪಟ್ಟಿಯಲ್ಲಿ ಒಳ್ಳೆಯ ಕನ್ನಡ ತುಂಡುಗಳು ಇಲ್ಲದಿದ್ದರೆ, ಒಂದು ಸಂಕೇತಕ್ಕೇ ಒಂದಕ್ಕಿಂತ ಹೆಚ್ಚು ಟೋಕನ್ ಆಗಬಹುದು.

ಇದು ಸುಧಾರಿಸುತ್ತಿದೆ. 2024ರಲ್ಲಿ ಓಪನ್‌ಎಐ ಹೊಸ ತುಂಡು ಪಟ್ಟಿ ತಂದಾಗ, ಅವರೇ ಕೊಟ್ಟ ಉದಾಹರಣೆಯಲ್ಲಿ ಒಂದು ತೆಲುಗು ಬರಹ 159 ಟೋಕನ್‌ನಿಂದ 45ಕ್ಕೆ ಇಳಿಯಿತು. ಅಂದರೆ ಅದೇ ವಿಂಡೋದಲ್ಲಿ ಮೂರೂವರೆ ಪಟ್ಟು ಜಾಸ್ತಿ ತೆಲುಗು ಹಿಡಿಯಿತು. ಇನ್ನೊಂದು ಕಡೆಯಿಂದ ನೋಡಿದರೆ, ಅದಕ್ಕೂ ಮೊದಲು ನಮ್ಮ ಲಿಪಿಯವರು ಎಷ್ಟು ಕಳೆದುಕೊಳ್ಳುತ್ತಿದ್ದರು ಎಂದೂ ಗೊತ್ತಾಗುತ್ತದೆ.

ಇನ್ನೊಂದು ಮಾತು. ಮಾಡೆಲ್‌ನ ವಿಂಡೋ 1,28,000 ಎಂದ ಮಾತ್ರಕ್ಕೆ ನೀವು ಬಳಸುವ ಆ್ಯಪ್ ಅಷ್ಟನ್ನೂ ಕೊಡುತ್ತದೆ ಎಂದಲ್ಲ. ಖರ್ಚು ಉಳಿಸಲು ಅದಕ್ಕಿಂತ ಮೊದಲೇ ಕತ್ತರಿಸಬಹುದು. ಉಚಿತ ಖಾತೆಗೆ ಒಂದು, ಹಣ ಕೊಟ್ಟವರಿಗೆ ಒಂದು ಎಂದೂ ಇಡಬಹುದು.

ಪುತ್ತೂರಿನವಳು

ನನ್ನದು ಉಚಿತ ಖಾತೆ. ಆದರೆ ನನಗೆ ಒಂದು ಅರ್ಥ ಆಗಲಿಲ್ಲ ಸರ್. ಕತ್ತರಿಸಿದ ತಕ್ಷಣ ತಪ್ಪು ಶುರು ಆಗಬೇಕಿತ್ತು ಅಲ್ವಾ? ನನಗೆ ಒಂದೊಂದಾಗಿ ಕೆಟ್ಟಿತು. ಮೊದಲು ಕಪ್, ಎರಡು ಅಡುಗೆ ಆದ ಮೇಲೆ ಬೆಳ್ತಿಗೆ. ಸಕ್ಕರೆ ಮಾತ್ರ ಕೊನೆಯವರೆಗೂ ಬರಲಿಲ್ಲ.

ಸಾಲುಮರ

ಒಳ್ಳೆಯ ಪ್ರಶ್ನೆ. ನಿಮ್ಮ ಪಠ್ಯವನ್ನೇ ಇಟ್ಟು ಮಾಡಿ ನೋಡಬಹುದು. ಬೇಡ ಎನ್ನದಿದ್ದರೆ ಎಂಟು ಅಡುಗೆ ಇಲ್ಲಿ ಹಾಕಿ. ನನ್ನ ಕಂಪ್ಯೂಟರಿನಲ್ಲೇ ಓಡುವ ಮಾಡೆಲ್‌ನಲ್ಲಿ ವಿಂಡೋವನ್ನು ನಾನೇ ಚಿಕ್ಕದು ಮಾಡಿ ತೋರಿಸುತ್ತೇನೆ.

ಪುತ್ತೂರಿನವಳು

ಹಾಕಿದ್ದೇನೆ. ನಿಯಮಗಳನ್ನೂ ಹಾಗೇ ಹಾಕಿದ್ದೇನೆ.

ಧಾರವಾಡ_ವಕೀಲ

ನಡುವೆ ಬಂದೆ, ಕ್ಷಮಿಸಿ. ನನ್ನದೂ ಇದೇ ಥರದ್ದು, ಆದರೆ ಸ್ವಲ್ಪ ಬೇರೆ. ಒಂದು ಜಮೀನಿನ ಮೂವತ್ತು ವರ್ಷದ ಕ್ರಯಪತ್ರಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಒಂದೇ ಸಲ ಹಾಕಿದ್ದೆ. ವಿಂಡೋ ಮೀರಿರಲಿಲ್ಲ, ಎಣಿಸಿದ್ದೆ, ಅರ್ಧ ಕೂಡ ಆಗಿರಲಿಲ್ಲ. ನಾಲ್ಕನೆಯ ಪತ್ರದಲ್ಲಿ ಬಾವಿಯ ನೀರಿನ ಹಕ್ಕು ಪಕ್ಕದವರಿಗೂ ಇದೆ ಎಂದು ಒಂದು ಸಾಲು ಇತ್ತು. ಯಾರ್‍ಯಾರಿಗೆ ಏನೇನು ಹಕ್ಕು ಎಂದು ಪಟ್ಟಿ ಮಾಡಿಸಿದರೆ ಅದನ್ನು ಬಿಟ್ಟೇಬಿಟ್ಟಿತು. "ಬಾವಿ ಬಗ್ಗೆ ಏನಾದರೂ ಇದೆಯೇನು" ಅಂತ ನೇರವಾಗಿ ಕೇಳಿದ ಮೇಲೆ ತಕ್ಷಣ ತೋರಿಸಿತು. ಅಂದರೆ ಒಳಗೆ ಇತ್ತು. ಇದ್ದದ್ದನ್ನು ಯಾಕೆ ಬಿಟ್ಟಿತು? ನಾನು ಹಳೆಯ ಪತ್ರಗಳನ್ನು ಕೈಯಲ್ಲಿ ಒಮ್ಮೆ ಓದಿದ್ದರಿಂದ ಉಳಿದೆ. ಇಲ್ಲದಿದ್ದರೆ ಪಕ್ಷಗಾರರಿಗೆ ತಪ್ಪು ಹೇಳುತ್ತಿದ್ದೆ.

ವೇಗದೂತ

ನೋಡಿ, ಇದು ವಿಂಡೋ ಸಮಸ್ಯೆ ಅಲ್ಲ. ಸರಿಯಾಗಿ ಕೇಳಿದರೆ ಸಿಕ್ಕಿತಲ್ಲ.

ಸಾಲುಮರ

ವಿಂಡೋ ಸಮಸ್ಯೆಯ ಎರಡನೆಯ ಮುಖ ಇದು. ಒಳಗೆ ಇರುವುದು ಬೇರೆ, ಒಳಗೆ ಇದ್ದದ್ದು ಕೆಲಸಕ್ಕೆ ಬರುವುದು ಬೇರೆ.

ಮಾಡೆಲ್ ಮುಂದಿನ ಪ್ರತಿ ತುಂಡನ್ನು ಬರೆಯುವಾಗಲೂ ಎದುರಿನ ಎಲ್ಲ ಟೋಕನ್‌ಗಳ ಕಡೆ ಗಮನ ಹಂಚುತ್ತದೆ. ಬರಹ ಉದ್ದ ಆದಷ್ಟೂ ಆ ಗಮನಕ್ಕೆ ಪೈಪೋಟಿ ಜಾಸ್ತಿ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಮತ್ತು ಅವರ ಜೊತೆಯವರು ಒಂದು ಪರೀಕ್ಷೆ ಮಾಡಿದರು. ಒಂದು ಪ್ರಶ್ನೆ, ಅದರ ಜೊತೆ ಇಪ್ಪತ್ತು ಬರಹ. ಉತ್ತರ ಇರುವುದು ಅವುಗಳಲ್ಲಿ ಒಂದರಲ್ಲಿ ಮಾತ್ರ. ಆ ಒಂದನ್ನು ಮೊದಲು, ಮಧ್ಯ, ಕೊನೆ ಹೀಗೆ ಜಾಗ ಬದಲಿಸುತ್ತಾ ಹೋದರು. ಮೊದಲಲ್ಲೋ ಕೊನೆಯಲ್ಲೋ ಇದ್ದಾಗ ಉತ್ತರ ಚೆನ್ನಾಗಿ ಬಂತು. ಮಧ್ಯದಲ್ಲಿದ್ದಾಗ ಬಿದ್ದಿತು. ಒಂದು ಮಾಡೆಲ್ ಅಂತೂ ಬರಹಗಳನ್ನೇ ಕೊಡದೆ ಸುಮ್ನೆ ಕೇಳಿದಾಗ ಬರುವುದಕ್ಕಿಂತಲೂ ಕೆಳಗೆ ಹೋಯಿತು.

ವಕೀಲರ ನಾಲ್ಕನೆಯ ಪತ್ರ ಮಧ್ಯದಲ್ಲಿ ಇತ್ತೇ?

ಧಾರವಾಡ_ವಕೀಲ

ಒಂಬತ್ತು ಪತ್ರದಲ್ಲಿ ನಾಲ್ಕನೆಯದು. ಸರಿಯಾಗಿ ಹೊಟ್ಟೆಯಲ್ಲೇ ಇತ್ತು.

ವೇಗದೂತ

ಅದು ಹಳೆಯ ಮಾಡೆಲ್‌ಗಳ ಮೇಲಿನ ಪರೀಕ್ಷೆ. ಈಗಿನವು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕುವ ಪರೀಕ್ಷೆಯಲ್ಲಿ ನೂರಕ್ಕೆ ನೂರು ಹತ್ತಿರ ತಗೊಳ್ಳುತ್ತವೆ. ಎಲ್ಲಿ ಬಚ್ಚಿಟ್ಟರೂ ಸಿಗುತ್ತದೆ.

ಸಾಲುಮರ

ಹುಡುಕುವುದರಲ್ಲಿ ಅವು ತುಂಬಾ ಸುಧಾರಿಸಿವೆ, ಒಪ್ಪುತ್ತೇನೆ. ಆದರೆ ಆ ಪರೀಕ್ಷೆಯಲ್ಲಿ ಸೂಜಿಯ ಬಗ್ಗೆಯೇ ಪ್ರಶ್ನೆ ಕೇಳುತ್ತಾರೆ. ವಕೀಲರು "ಬಾವಿ" ಎಂದು ಕೇಳಿದಾಗ ಸಿಕ್ಕಿತು, ಅದೇ ಸೂಜಿ ಪರೀಕ್ಷೆ. "ಎಲ್ಲ ಹಕ್ಕುಗಳನ್ನೂ ಹೇಳು" ಎಂದಾಗ ಬಾವಿ ಎಂಬ ಸುಳಿವೇ ಇಲ್ಲ. ಪುತ್ತೂರಿನ ಅಕ್ಕನ ಕೆಲಸ ಇನ್ನೂ ಕಷ್ಟದ್ದು. ಅಲ್ಲಿ ಯಾರೂ ಕುಡ್ತೆಯ ಬಗ್ಗೆ ಕೇಳುವುದಿಲ್ಲ. ಅದು ತಾನಾಗಿಯೇ ಪ್ರತಿ ಅಡುಗೆಯಲ್ಲೂ ಹಿಂದಿನ ನಿಯಮಕ್ಕೆ ಒಳಪಡಬೇಕು. ಈಗಿನ ಮಾಡೆಲ್‌ಗಳಲ್ಲಿ ಮಧ್ಯದ ಈ ದೋಷ ಎಷ್ಟು ಉಳಿದಿದೆ ಎನ್ನುವುದರಲ್ಲಿ ಕೆಲಸ ಮಾಡುವವರೊಳಗೇ ಒಮ್ಮತ ಇಲ್ಲ. ಮಾಡೆಲ್‌ನಿಂದ ಮಾಡೆಲ್‌ಗೆ, ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ.

ಸಾಲುಮರ

ಪ್ರಯೋಗ ಮಾಡಿದೆ. ಮಾಡೆಲ್‌ಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಓಡಿಸುವ ollama ಎಂಬ ತಂತ್ರಾಂಶ ಹಾಕಿಕೊಂಡರೆ ಬೇಕಾದವರು ತಾವೂ ಮಾಡಬಹುದು, ಅದಕ್ಕೆ ಆಜ್ಞೆಗಳು ಇವು.

```
ollama run llama3.1
/set parameter num_ctx 8192
/set verbose
```

ಎರಡನೆಯ ಸಾಲು ವಿಂಡೋವನ್ನು 8,192 ಟೋಕನ್‌ಗೆ ಕಟ್ಟುತ್ತದೆ. ಮೂರನೆಯದು ಹಾಕಿದರೆ ಪ್ರತಿ ಉತ್ತರದ ಕೆಳಗೆ ಲೆಕ್ಕ ಬರುತ್ತದೆ. ಅದರಲ್ಲಿ `prompt eval count` ಎಂಬ ಸಾಲು ನೋಡಿ. ಈ ಸಲ ಮಾಡೆಲ್‌ನ ಮುಂದೆ ಎಷ್ಟು ಟೋಕನ್ ಇಟ್ಟರು ಎಂದು ಅದು ಹೇಳುತ್ತದೆ.

ಮೊದಲ ಸಂದೇಶದಲ್ಲಿ ನಿಯಮಗಳು ಮತ್ತು ಪತ್ರೊಡೆ. ನಿಯಮಗಳು ತೊಂಬತ್ತು ಪದಕ್ಕಿಂತ ಸ್ವಲ್ಪ ಜಾಸ್ತಿ, ಅದೇ ಸಾವಿರ ಟೋಕನ್ ಹತ್ತಿರ ಹೋಯಿತು. ಅಡುಗೆ ಒಂದಕ್ಕೆ ಸುಮಾರು 700. ಮಾಡೆಲ್ ಬರೆದ ಉತ್ತರ ಒಂದಕ್ಕೆ ಸುಮಾರು 1,000. ಈ ಮಾಡೆಲ್‌ನ ತುಂಡು ಪಟ್ಟಿ ನಮ್ಮ ಭಾಷೆಗೆ ಅಷ್ಟು ಚೆನ್ನಾಗಿಲ್ಲ, ಪದಕ್ಕೆ ಹತ್ತು ಹನ್ನೊಂದು ಟೋಕನ್ ಆಗುತ್ತಿದೆ. ಮುಕ್ಕಾಲು ಪದದ ಲೆಕ್ಕ ಎಲ್ಲಿ, ಇದು ಎಲ್ಲಿ!

ಲೆಕ್ಕ ಹೀಗೆ ಏರಿತು. ಮೊದಲ ಸಲ ಸುಮಾರು 1,700. ಎರಡನೆಯ ಅಡುಗೆ ಕೊಟ್ಟಾಗ 3,400, ಯಾಕೆಂದರೆ ಹಳೆಯ ಪ್ರಶ್ನೆ, ಹಳೆಯ ಉತ್ತರ, ಹೊಸ ಪ್ರಶ್ನೆ ಎಲ್ಲ ಮತ್ತೆ ಹೋಗುತ್ತದೆ. ಮೂರನೆಯದಕ್ಕೆ 5,100. ನಾಲ್ಕನೆಯದಕ್ಕೆ 6,800. ಐದನೆಯದಕ್ಕೆ 8,500 ಆಗಬೇಕಿತ್ತು. ಆದರೆ ಮಿತಿ 8,192. ಪರದೆಯಲ್ಲಿ ಬಂದದ್ದು ಮತ್ತೆ 6,800.

ಏರುತ್ತಿದ್ದ ಸಂಖ್ಯೆ ನಿಂತಲ್ಲೇ ನಿಂತ ಆ ಜಾಗವೇ ಕತ್ತರಿ ಬಿದ್ದ ಜಾಗ. ಅದು ಎಲ್ಲಕ್ಕಿಂತ ಹಳೆಯ ಸಂದೇಶವನ್ನು ಇಡಿಯಾಗಿ ಬಿಟ್ಟಿತು. 8,500ರಿಂದ 1,700 ಕಳೆದರೆ 6,800. ಬಿಟ್ಟ ಸಂದೇಶ ಪತ್ರೊಡೆಯದು, ಅದರ ತಲೆಯಲ್ಲೇ ನಿಯಮಗಳು ಇದ್ದವು. ಯಾವ ಎಚ್ಚರಿಕೆಯೂ ಪರದೆಗೆ ಬರಲಿಲ್ಲ.

ಈಗ ಅಕ್ಕ ಕೇಳಿದ ಪ್ರಶ್ನೆ. ಐದನೆಯ ಅಡುಗೆಯಲ್ಲಿ ನಿಯಮ ಹೋಗಿತ್ತು, ಆದರೂ ಕುಡ್ತೆ ಕುಡ್ತೆಯಾಗಿಯೇ ಬಂತು. ಯಾಕೆಂದರೆ ಹಿಂದಿನ ನಾಲ್ಕು ಉತ್ತರ ಇನ್ನೂ ಎದುರಿಗೆ ಇದ್ದವು, ಎಲ್ಲದರಲ್ಲೂ ಕುಡ್ತೆ ಇತ್ತು. ಮಾಡೆಲ್ ಅದನ್ನೇ ನೋಡಿ ಮುಂದುವರಿಸಿತು. ಆರನೆಯದು ತಂಬುಳಿ, ಅದರಲ್ಲಿ ಅಳತೆಯೇ ಇಲ್ಲ, ಒಂದು ಹಿಡಿ ಸೊಪ್ಪು, ಅಷ್ಟೇ. ಏಳನೆಯದರಲ್ಲಿ ಕಪ್ ಬಂತು. ಎಂಟನೆಯದರಲ್ಲಿ ಎಲ್ಲ ಕಡೆ ಕಪ್, ಯಾಕೆಂದರೆ ಈಗ ಎದುರಿಗಿರುವ ಮಾದರಿಯೇ ಕಪ್. ಒಂದು ತಪ್ಪು ಒಳಗೆ ಬಂದರೆ ಮುಂದಿನದಕ್ಕೆ ಅದೇ ಮೇಲ್ಪಂಕ್ತಿ.

ಸಕ್ಕರೆ ಬರದೆ ಇದ್ದದ್ದು ನಿಮ್ಮ ನಿಯಮದಿಂದ ಅಲ್ಲ ಅಂತ ನನ್ನ ಊಹೆ. ಅಜ್ಜಿ ಬರೆದದ್ದರಲ್ಲೇ ಬೆಲ್ಲ ಎಂದಿದೆ, ಬೆಲ್ಲ ಎಲ್ಲರಿಗೂ ಗೊತ್ತಿರುವ ಪದ. ಬದಲಿಸುವ ಕಾರಣ ಇರಲಿಲ್ಲ. ಕುಡ್ತೆ, ಬೆಳ್ತಿಗೆ ಹಾಗಲ್ಲ. ಕಡಿಮೆ ಕಂಡ ಪದಗಳು ಅವು. ಎದುರಿಗೆ ಯಾರಾದರೂ ಹಿಡಿದು ನಿಲ್ಲಿಸದಿದ್ದರೆ ಹೆಚ್ಚು ಕಂಡ ಪದದ ಕಡೆಗೆ ಜಾರುತ್ತವೆ.

ಅಂದರೆ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ನಿಯಮ ಹೋಗಿ ಎರಡು ಮೂರು ಅಡುಗೆ ಆಗಿರುತ್ತದೆ. ಅವನ್ನೂ ಮತ್ತೆ ನೋಡಿ ಅಕ್ಕ. ಕಪ್ ಬಂದದ್ದಕ್ಕಿಂತ ಹಿಂದಿನ ಎರಡು ಮೂರನ್ನು ಅಜ್ಜಿಯ ಪುಸ್ತಕದ ಪಕ್ಕ ಇಟ್ಟು ಓದಿ.

ಪುತ್ತೂರಿನವಳು

ಈಗಲೇ ನೋಡಿದೆ. ಕಪ್ ಬರುವುದಕ್ಕೆ ಮೊದಲಿನ ಅಡುಗೆ ಮೇಲಾರ. ಅದರಲ್ಲಿ ಅಜ್ಜಿ ಹೇಳದ ಇಂಗು ಸೇರಿದೆ. ನಾನು ಗಮನಿಸಿಯೇ ಇರಲಿಲ್ಲ. "ಹೇಳದ ಸಾಮಾನು ಸೇರಿಸಬೇಡ" ಎನ್ನುವ ನಿಯಮ ಮೊದಲೇ ಹೋಗಿತ್ತು ಅಂತಾಯಿತು. ಕುಡ್ತೆಯನ್ನೇ ನೋಡುತ್ತಾ ಕೂತಿದ್ದೆ.

ವೇಗದೂತ

ಸರಿ, ಕನ್ನಡದ ಲೆಕ್ಕ ಒಪ್ಪಿದೆ. ಆದರೆ ನಿಮ್ಮ ಪ್ರಯೋಗದಲ್ಲಿ 8,192 ಯಾಕೆ? ಆ ಮಾಡೆಲ್ 1,28,000ದವರೆಗೆ ಹೋಗುತ್ತದೆ. ಅದನ್ನೇ ಹಾಕಿದರೆ ಎಪ್ಪತ್ತು ಅಡುಗೆಯೂ ಹಿಡಿಯುತ್ತದೆ.

ಸಾಲುಮರ

ಎಪ್ಪತ್ತು ಅಡುಗೆ, ಒಂದಕ್ಕೆ 1,700 ಎಂದರೆ 1,19,000, ಮೇಲೆ ನಿಯಮ ಒಂದು ಸಾವಿರ. ಕಾಗದದ ಮೇಲೆ ಹಿಡಿಯುತ್ತದೆ, ಅಂಚಿನಲ್ಲಿ. ಆದರೆ ಜಾಗಕ್ಕೆ ಬೆಲೆ ಇದೆ. ಓದಿದ ಪ್ರತಿ ಟೋಕನ್‌ಗೂ ಮಾಡೆಲ್ ಒಂದಿಷ್ಟು ಲೆಕ್ಕವನ್ನು ಕಂಪ್ಯೂಟರಿನ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. ಲಾಮಾ 3.1ರ ಚಿಕ್ಕ ಮಾಡೆಲ್‌ಗೆ, ಸಂಖ್ಯೆಗಳನ್ನು 16 ಬಿಟ್‌ನಲ್ಲಿ ಇಟ್ಟರೆ, ಒಂದು ಟೋಕನ್‌ಗೆ 128 ಕಿಲೋಬೈಟ್. 8,192 ಟೋಕನ್‌ಗೆ ಒಂದು ಜಿಬಿ. ಪೂರ್ತಿ ವಿಂಡೋಗೆ ಹದಿನಾರು ಜಿಬಿ. ಮಾಡೆಲ್‌ನ ಸ್ವಂತ ತೂಕ ಇದರ ಮೇಲೆ, ಒತ್ತಿ ಚಿಕ್ಕದು ಮಾಡಿದರೂ ಐದು ಜಿಬಿ ಹತ್ತಿರ. ಮನೆಯ ಲ್ಯಾಪ್‌ಟಾಪ್ ಅಲ್ಲೇ ಉಸಿರು ಬಿಡುತ್ತದೆ. ಸೇವೆ ಕೊಡುವ ಕಂಪನಿಗಳಿಗೂ ಒಬ್ಬೊಬ್ಬ ಬಳಕೆದಾರರಿಗೆ ಇದೇ ಲೆಕ್ಕ. ಅವರು ಮೊದಲೇ ಕತ್ತರಿಸುವುದಕ್ಕೆ ಇದೂ ಒಂದು ಕಾರಣ.

ಹಿಡಿಸಿದರೂ ನಿಯಮ ಎಲ್ಲೋ ದೂರದಲ್ಲಿ, ಒಂದು ಲಕ್ಷ ಟೋಕನ್ ಹಿಂದೆ ಇರುತ್ತದೆ. ಆಗ ವಕೀಲರ ಬಾವಿಯ ಕಥೆ ಶುರು.

ಹಳೆಕಡತ

ನನ್ನ ಮಗಳು ಬಳಸುವ ಒಂದು ಆ್ಯಪ್‌ನಲ್ಲಿ ಮಾತು ಉದ್ದ ಆದಾಗ "ಹಿಂದಿನ ಮಾತುಕತೆಯನ್ನು ಸಾರಾಂಶ ಮಾಡಲಾಗುತ್ತಿದೆ" ಎಂದು ಬರುತ್ತದಂತೆ. ಅದಾದರೆ ಒಳ್ಳೆಯದಲ್ಲವೇ? ಬಿಸಾಡುವ ಬದಲು ಟಿಪ್ಪಣಿ ಹಾಕಿದ ಹಾಗೆ.

ಸಾಲುಮರ

ಬಿಸಾಡುವುದಕ್ಕಿಂತ ಒಳ್ಳೆಯದು. ಆದರೆ ಟಿಪ್ಪಣಿಯಲ್ಲಿ ಏನು ಉಳಿಯುತ್ತದೆ ಎನ್ನುವುದು ನಿಮಗೆ ಚೆನ್ನಾಗಿ ಗೊತ್ತು ಸರ್. ಅಕ್ಕನ ನಿಯಮಗಳನ್ನು ಸಾರಾಂಶ ಮಾಡಿಸಿ ನೋಡಿದೆ. ಬಂದದ್ದು ಇದು: "ಬಳಕೆದಾರರು ಅಜ್ಜಿಯ ಅಡುಗೆಗಳನ್ನು ಹಂತ ಹಂತವಾಗಿ ಬರೆಸುತ್ತಿದ್ದಾರೆ, ಸಾಂಪ್ರದಾಯಿಕ ಅಳತೆ ಮತ್ತು ಪದಗಳನ್ನು ಉಳಿಸಲು ಕೋರಿದ್ದಾರೆ." ಸುಳ್ಳು ಒಂದೂ ಇಲ್ಲ. ಆದರೆ 190 ಹೋಯಿತು, ಬೆಳ್ತಿಗೆ ಹೋಯಿತು. ಸಾರಾಂಶದಲ್ಲಿ ವಿಷಯ ಉಳಿಯುತ್ತದೆ, ಸಂಖ್ಯೆ ಮತ್ತು ಹೆಸರು ಮೊದಲು ಉದುರುತ್ತವೆ. ನಿಮ್ಮ ಕೆಲಸ ಪೂರ್ತಿ ನಿಂತಿರುವುದು ಅವುಗಳ ಮೇಲೆಯೇ.

ಧಾರವಾಡ_ವಕೀಲ

ಅದಕ್ಕೆ ನಾನು ಒಪ್ಪುವುದಿಲ್ಲ ರೀ. ನನಗೆ ಸಾರಾಂಶದಿಂದ ಉಪಯೋಗ ಆಗಿದೆ. ಪತ್ರ ಒಂದೊಂದನ್ನೇ ಬೇರೆ ಬೇರೆ ಮಾತುಕತೆಯಲ್ಲಿ ಕೊಟ್ಟು, ಸರ್ವೆ ನಂಬರು, ವಿಸ್ತೀರ್ಣ, ಹಕ್ಕು ಇಷ್ಟನ್ನೇ ಬರೆಸಿ, ನಾನೇ ಒಮ್ಮೆ ಓದಿ ತಿದ್ದಿ, ಕೊನೆಗೆ ಒಂಬತ್ತು ಟಿಪ್ಪಣಿಯನ್ನು ಒಟ್ಟಿಗೆ ಕೊಟ್ಟೆ. ಬಾವಿ ತಪ್ಪಲಿಲ್ಲ.

ಸಾಲುಮರ

ಅದು ನೀವು ಏನು ಉಳಿಯಬೇಕು ಎಂದು ಹೇಳಿ ಮಾಡಿಸಿದ್ದು, ನೀವೇ ನೋಡಿದ್ದು. ಆ್ಯಪ್ ತಾನಾಗಿ ಮಾಡುವ ಸಾರಾಂಶದ ಬಗ್ಗೆ ನಾನು ಹೇಳಿದ್ದು. ನಿಮ್ಮದು ಒಳ್ಳೆಯ ದಾರಿ.

ಮಧ್ಯಾಹ್ನದ_ಬಿಸಿಲು

ಒಂದು ಸಂದೇಹ. ನಿಯಮ ಇನ್ನೂ ಒಳಗೆ ಇದೆಯೋ ಇಲ್ಲವೋ ಎಂದು ನಮ್ಮಂಥವರು ಹೇಗೆ ತಿಳಿಯುವುದು? ನಮ್ಮ ಆ್ಯಪ್‌ನಲ್ಲಿ ಆ ಸಂಖ್ಯೆ ಬರುವುದಿಲ್ಲ.

ಸಾಲುಮರ

ನಿಯಮದ ಪಕ್ಕದಲ್ಲೇ ಊಹಿಸಲು ಆಗದ ಒಂದು ಗುರುತು ಇಡಿ. "ಈ ಮಾತುಕತೆಯ ಗುರುತು ನೇರಳೆ 47" ಅಂತ. ಆಮೇಲೆ ಗುರುತು ಏನೆಂದು ಕೇಳಿ. ತಪ್ಪು ಹೇಳಿದರೆ ಅಥವಾ ಇಲ್ಲ ಎಂದರೆ ಮೊದಲ ಸಂದೇಶ ಹೋಗಿದೆ. ಕುಡ್ತೆ ಎಂದರೇನು ಎಂದು ಕೇಳಬೇಡಿ, ಅದಕ್ಕೆ ಊಹೆ ಮಾಡಿ ಸರಿ ಹೇಳಿಬಿಡಬಹುದು.

ಒಂದು ಎಚ್ಚರ. ಸರಿಯಾಗಿ ಹೇಳಿತು ಎಂದುಕೊಳ್ಳಿ. ಈಗ "ನೇರಳೆ 47" ಎನ್ನುವುದು ಹೊಸ ಉತ್ತರದಲ್ಲೂ ಇದೆ. ಮುಂದಿನ ಸಲ ಕೇಳಿದರೆ ಆ ಉತ್ತರದಿಂದಲೇ ಎತ್ತಿ ಹೇಳುತ್ತದೆ, ಮೊದಲ ಸಂದೇಶ ಹೋಗಿದ್ದರೂ. ಹಾಗಾಗಿ ಒಂದು ಗುರುತಿನಿಂದ ಒಂದೇ ಸಲ ಪರೀಕ್ಷೆ. ಮೂರು ನಾಲ್ಕು ಗುರುತು ಇಟ್ಟು ಬೇರೆ ಬೇರೆ ಹೊತ್ತಿಗೆ ಒಂದೊಂದನ್ನು ಕೇಳಬಹುದು.

ಅಕ್ಕನ ಕೆಲಸಕ್ಕೆ ಪರೀಕ್ಷೆಯೂ ಬೇಡ ಎನ್ನುತ್ತೇನೆ. ಪ್ರತಿ ಅಡುಗೆಗೂ ಹೊಸ ಮಾತುಕತೆ. ಮೇಲೆ ಅಜ್ಜಿಯ ಪಠ್ಯ, ಕೆಳಗೆ ನಿಯಮ. ನಿಯಮ ಕೊನೆಯಲ್ಲಿ ಇರಲಿ, ಉತ್ತರಕ್ಕೆ ಹತ್ತಿರ. ಸರಿಯಾಗಿ ಬಂದ ಒಂದು ಅಡುಗೆಯನ್ನು ಮಾದರಿಗೆ ಸೇರಿಸಿ. ಎಲ್ಲ ಸೇರಿ ನನ್ನ ಲೆಕ್ಕದಲ್ಲಿ 3,400 ಟೋಕನ್, ಉತ್ತರಕ್ಕೆ ಸಾವಿರ. ಉತ್ತರಕ್ಕೂ ಅದೇ ವಿಂಡೋದಲ್ಲಿ ಜಾಗ ಬೇಕು, ಅದನ್ನು ಮರೆಯಬೇಡಿ. ಬರೆಯುತ್ತಿರುವಾಗ ಜಾಗ ಮುಗಿದರೆ ಕೆಲವು ಅರ್ಧಕ್ಕೇ ನಿಲ್ಲುತ್ತವೆ, ಕೆಲವು ಹಳೆಯ ಭಾಗ ಕತ್ತರಿಸಿ ಮುಂದೆ ಹೋಗುತ್ತವೆ.

ಪುತ್ತೂರಿನವಳು

ಮೂರು ದಿನ ಆಯಿತು, ಹಾಗೇ ಮಾಡಿದೆ. ಇಪ್ಪತ್ತೆರಡು ಅಡುಗೆ ಆಯಿತು. ಕುಡ್ತೆ ಒಂದೂ ತಪ್ಪಿಲ್ಲ, ಬೆಳ್ತಿಗೆ ಬೆಳ್ತಿಗೆಯಾಗಿಯೇ ಇದೆ. ಸಾಲುಮರ ಸರ್‌ಗೆ, ಕಡತದ ಸರ್‌ಗೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆದರೆ ಹೊಸದೊಂದು ತೊಂದರೆ ಬಂದಿದೆ. ಅಜ್ಜಿ ಎಷ್ಟೋ ಕಡೆ "ಹಿಂದಿನಂತೆ ಒಗ್ಗರಣೆ" ಎಂದು ಬರೆದಿದ್ದಾರೆ. ಒಂದು ಕಡೆ "ಕೊಟ್ಟಿಗೆಯ ಹಿಟ್ಟಿನಂತೆ" ಎಂದಿದೆ. ಒಂದೇ ಉದ್ದದ ಮಾತುಕತೆಯಲ್ಲಿ ಮಾಡುವಾಗ ಹಿಂದಿನದು ಎದುರಿಗೆ ಇರುತ್ತಿತ್ತು, ಸರಿಯಾಗಿ ತುಂಬುತ್ತಿತ್ತು. ಈಗ ಹಿಂದಿನದು ಇಲ್ಲ. ಸಾಸಿವೆ, ಒಣಮೆಣಸು, ಕರಿಬೇವು ಎಂದು ತಾನೇ ಒಂದು ಒಗ್ಗರಣೆ ಮಾಡಿ ಹಾಕುತ್ತದೆ. ಅಜ್ಜಿಯ ಹಿಂದಿನ ಅಡುಗೆಯಲ್ಲಿ ಕರಿಬೇವೇ ಇಲ್ಲ.

ಸಾಲುಮರ

ಅದು ನನಗೆ ಹೊಳೆದಿರಲಿಲ್ಲ. ನೀವು ಟೈಪ್ ಮಾಡುವಾಗಲೇ "ಹಿಂದಿನಂತೆ" ಬಂದ ಕಡೆ ಹಿಂದಿನ ಸಾಲನ್ನು ನಕಲು ಮಾಡಿ ಹಾಕುವುದು ಒಂದು ದಾರಿ. ಅದನ್ನು ಯಾವ ಮಾಡೆಲ್‌ಗೂ ಬಿಡಬೇಡಿ.

ಪುತ್ತೂರಿನವಳು

ಅದನ್ನೇ ಶುರು ಮಾಡಿದೆ. ಆದರೆ ಎರಡನೆಯ ಪುಸ್ತಕದ ಮೊದಲ ಪುಟದಲ್ಲೇ "ಹಿಂದಿನಂತೆ" ಎಂದಿದೆ. ಅಜ್ಜಿಯ ಮನಸ್ಸಿನಲ್ಲಿ ಇದ್ದದ್ದು ಮೊದಲ ಪುಸ್ತಕದ ಯಾವ ಅಡುಗೆ ಎಂದು ನನಗೂ ಗೊತ್ತಾಗುತ್ತಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿದ್ದೇನೆ, ಭಾನುವಾರ ಪುಸ್ತಕ ತಗೊಂಡು ಬಾ, ನೋಡಿ ಹೇಳುತ್ತೇನೆ ಎಂದಿದ್ದಾರೆ.